ಕೋರ್ಟಿನಲ್ಲಿ ಸೋತ ಮಲ್ಯ ಇನ್ನೂ ಲಂಡನ್ನಿನಲ್ಲೇ ಯಾಕಿದ್ದಾರೆ?

ನಮಸ್ಕಾರ. ವಿಜಯ್ ಮಲ್ಯ ಹೆಸರು ಸುದ್ದಿಯಲ್ಲಿ ಬಂದಾಗಲೆಲ್ಲ ನಮ್ಮ ಜನ ಎರಡು ಮಾತು ಹೇಳುತ್ತಾರೆ. ಒಂದು, ಬ್ರಿಟನ್ ಅವರನ್ನು ಮಡಿಲಲ್ಲಿ ಇಟ್ಟುಕೊಂಡಿದೆ ಅಂತ. ಇನ್ನೊಂದು, ದುಡ್ಡು ವಸೂಲಾಯ್ತಲ್ಲ, ಇನ್ನು ಯಾಕೆ ಹಿಂದೆ ಬಿದ್ದಿದ್ದಾರೆ ಅಂತ. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ಯಾಕೆ ಅಂದರೆ ಬ್ರಿಟನ್ನಿನ ಕೋರ್ಟು ಅವರನ್ನು ಕಳಿಸಬಹುದು ಎಂದಿದೆ, ಅಲ್ಲಿನ ಗೃಹಮಂತ್ರಿ ಸಹಿ ಹಾಕಿದ್ದಾರೆ, ಮೇಲ್ಮನವಿಯೂ 2020ರ ಏಪ್ರಿಲ್‌ನಲ್ಲಿ ವಜಾ ಆಗಿದೆ. ಇಷ್ಟೆಲ್ಲ ಆಗಿಯೂ ಮನುಷ್ಯ ಅಲ್ಲೇ ಇದ್ದಾರೆ. ಇದು ಹೇಗೆ ಸಾಧ್ಯ ಅಂತ ನೋಡೋಣ.

ಮೊದಲಿನಿಂದ ಬರೋಣ. 2016ರ ಮಾರ್ಚ್ 2ರಂದು ಮಲ್ಯ ದೇಶ ಬಿಟ್ಟರು. ಆಗ ಅವರು ನಮ್ಮ ಕರ್ನಾಟಕದಿಂದಲೇ ಆರಿಸಿ ಹೋದ ರಾಜ್ಯಸಭಾ ಸದಸ್ಯ, ಇದನ್ನು ನಾವು ಸ್ವಲ್ಪ ಬೇಗ ಮರೆತೆವು. ಏಪ್ರಿಲ್‌ನಲ್ಲಿ ಭಾರತ ಅವರ ಪಾಸ್‌ಪೋರ್ಟ್ ರದ್ದು ಮಾಡಿ, ಇವರನ್ನು ವಾಪಸ್ ಕಳಿಸಿ ಅಂತ ಬ್ರಿಟನ್ನನ್ನು ಕೇಳಿತು. ಬ್ರಿಟನ್ ಆಗಲ್ಲ ಎಂದಿತು. ದೇಶದೊಳಗೆ ಬರುವಾಗ ಪಾಸ್‌ಪೋರ್ಟ್ ಸರಿ ಇತ್ತು, ಇಲ್ಲಿ ಇರಲು ಪರವಾನಗಿ ಇದೆ, ಆಮೇಲೆ ರದ್ದಾದರೆ ನಮ್ಮ ಕಾನೂನಿಗೆ ಸಂಬಂಧ ಇಲ್ಲ, ನಿಮಗೆ ಬೇಕಿದ್ದರೆ ಹಸ್ತಾಂತರ ಒಪ್ಪಂದದ ಕೆಳಗೆ ಕೇಳಿ ಅಂತ. ಗಡೀಪಾರು ಅಂದರೆ ಒಂದು ದೇಶ ತನ್ನ ನೆಲದಲ್ಲಿರುವ ವಿದೇಶಿಯನ್ನು ತನ್ನ ಕಾರಣಕ್ಕೆ ಹೊರಗೆ ಹಾಕುವುದು. ಹಸ್ತಾಂತರ ಹಾಗಲ್ಲ. ಇಂಥ ಆರೋಪಕ್ಕೆ, ಇಂಥ ವ್ಯಕ್ತಿ ಬೇಕು, ಇಗೋ ನಮ್ಮ ಹತ್ತಿರ ಇರುವ ಸಾಕ್ಷ್ಯ ಅಂತ ಇನ್ನೊಂದು ದೇಶದ ಮುಂದೆ ಕಡತ ಇಡಬೇಕು. ಅಡ್ಡದಾರಿ ಮುಚ್ಚಿತು, ಉಳಿದದ್ದು ಉದ್ದದ ದಾರಿ.

ಎರಡೂ ದೇಶಗಳ ನಡುವೆ 1992ರಲ್ಲಿ ಆದ ಒಪ್ಪಂದ ಇದೆ. ಅದರ ಕೆಳಗೆ 2017ರ ಫೆಬ್ರವರಿಯಲ್ಲಿ ಭಾರತ ಕೋರಿಕೆ ಕೊಟ್ಟಿತು. ಏಪ್ರಿಲ್ 18ರಂದು ಬಂಧನ ಆಯಿತು, ಅದೇ ದಿನ ಆರೂವರೆ ಲಕ್ಷ ಪೌಂಡ್ ಜಾಮೀನಿನ ಮೇಲೆ ಹೊರಗೂ ಬಂದರು. ಡಿಸೆಂಬರ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನ್ಯಾಯಾಧೀಶೆ ಎಮ್ಮಾ ಅರ್ಬತ್‌ನಾಟ್ ಅವರ ಮುಂದೆ ವಿಚಾರಣೆ ಶುರು.

ಅಲ್ಲಿ ನಡೆಯುವುದು ತಪ್ಪಿತಸ್ಥ ಹೌದೋ ಅಲ್ಲವೋ ಅನ್ನುವ ವಿಚಾರಣೆ ಅಲ್ಲ, ಅದು ಇಲ್ಲಿ ಬಂದ ಮೇಲೆ. ಲಂಡನ್ ಜಡ್ಜ್ ನೋಡುವುದು ಬೇರೆ. ಈ ಕೆಲಸ ಬ್ರಿಟನ್ನಿನಲ್ಲೇ ಆಗಿದ್ದರೆ ಅದು ಅಲ್ಲೂ ಅಪರಾಧವೇ, ಕನಿಷ್ಠ ಒಂದು ವರ್ಷ ಜೈಲಾಗುವಂಥದ್ದೇ? ಮೇಲ್ನೋಟಕ್ಕೆ ಕೇಸು ನಿಲ್ಲುವಷ್ಟು ಸಾಕ್ಷ್ಯ ಇದೆಯೇ? ರಾಜಕೀಯ ದ್ವೇಷದಿಂದ ಕೇಳುತ್ತಿದ್ದಾರೆಯೇ? ಕಳಿಸಿದರೆ ಮಾನವ ಹಕ್ಕಿಗೆ ಧಕ್ಕೆ ಆಗುತ್ತದೆಯೇ? ಇಲ್ಲಿ ಒಂದು ಸಣ್ಣ ಕಿರಿಕಿರಿ ಹೇಳಬೇಕು. ಅಮೆರಿಕ ಕೇಳಿದರೆ ಬ್ರಿಟನ್ ಮೇಲ್ನೋಟದ ಸಾಕ್ಷ್ಯ ಕೇಳುವುದಿಲ್ಲ, ಭಾರತ ಕೇಳಿದರೆ ಕೇಳುತ್ತದೆ. ಅವರ 2003ರ ಕಾನೂನಿನಲ್ಲೇ ಈ ವ್ಯತ್ಯಾಸಕ್ಕೆ ಜಾಗ ಇದೆ.

ಈಗ ದುಡ್ಡಿನ ಮಾತು. ಸಾಲ ತೀರಿಸದೇ ಇರುವುದಕ್ಕೆ ಯಾರನ್ನೂ ಹಸ್ತಾಂತರ ಮಾಡುವುದಿಲ್ಲ. ಮಲ್ಯ ವಿರುದ್ಧದ ಮುಖ್ಯ ಕಥೆ 2009ರಲ್ಲಿ ಕಿಂಗ್‌ಫಿಶರ್ ಏರ್‌ಲೈನ್ಸ್‌ಗೆ ಐಡಿಬಿಐ ಬ್ಯಾಂಕ್ ಕೊಟ್ಟ ಸುಮಾರು 900 ಕೋಟಿ ಸಾಲದ್ದು. ಕಂಪನಿ ಮುಳುಗುತ್ತಿದೆ ಅಂತ ಗೊತ್ತಿದ್ದೂ ಬ್ಯಾಂಕಿಗೆ ಬೇರೆ ಚಿತ್ರ ತೋರಿಸಿದರು, ಮುಂದಿನ ಲಾಭದ ಲೆಕ್ಕ, ಬ್ರ್ಯಾಂಡ್ ಬೆಲೆ, ಭದ್ರತೆ ಇವುಗಳ ಬಗ್ಗೆ ಸುಳ್ಳು ಹೇಳಿದರು, ಸಾಲದ ಹಣ ಬೇರೆ ಕಡೆ ಹೋಯಿತು ಅನ್ನುವುದು ಆರೋಪ. ಮಲ್ಯ ಪರ ವಕೀಲೆ ಕ್ಲೇರ್ ಮಾಂಟ್‌ಗೊಮರಿ ವಾದ ಏನೆಂದರೆ, ಇದು ಮೋಸ ಅಲ್ಲ, ಕೈಕೊಟ್ಟ ವ್ಯಾಪಾರ ಅಷ್ಟೇ, 2008ರ ಆಸುಪಾಸಿನ ತೈಲ ಬೆಲೆ ಮತ್ತು ಆರ್ಥಿಕ ಕುಸಿತ ಎಲ್ಲ ಏರ್‌ಲೈನ್‌ಗಳನ್ನೂ ಹಿಂಡಿತು ಅಂತ. ಈ ವಾದ ತಳ್ಳಿ ಹಾಕುವಂಥದ್ದಲ್ಲ. ಆದರೆ ಜಡ್ಜ್ 2018ರ ಡಿಸೆಂಬರ್ 10ರಂದು ಮೇಲ್ನೋಟಕ್ಕೆ ಮೋಸದ ಕೇಸು ಇದೆ ಎಂದರು. ಜೊತೆಗೆ, ಮೈಮೇಲೆ ಒಡವೆ, ಸುತ್ತ ಅಂಗರಕ್ಷಕರು ಇಟ್ಟುಕೊಂಡ ಈ ಆಸಾಮಿಯ ಥಳುಕಿಗೆ ಬ್ಯಾಂಕಿನವರು ಬುದ್ಧಿ ಕಳೆದುಕೊಂಡಿರಬಹುದು ಅನ್ನುವ ಅರ್ಥದ ಮಾತನ್ನೂ ತೀರ್ಪಿನಲ್ಲಿ ಬರೆದರು. ನಮ್ಮ ಬ್ಯಾಂಕಿನವರಿಗೆ ಅದು ಕಪಾಳಮೋಕ್ಷವೇ.

ಬ್ಯಾಂಕುಗಳಿಗೆ ಮಲ್ಯ ಆಸ್ತಿಯಿಂದ 14,131 ಕೋಟಿ ವಾಪಸ್ ಬಂದಿದೆ ಅಂತ ಹಣಕಾಸು ಸಚಿವೆ 2024ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲೇ ಹೇಳಿದರು. ಇಲ್ಲಿನ ಸಾಲ ವಸೂಲಿ ನ್ಯಾಯಮಂಡಳಿ ಹೇಳಿದ್ದಕ್ಕಿಂತ ಎರಡು ಪಟ್ಟು ತೆಗೆದುಕೊಂಡಿದ್ದೀರಿ, ಲೆಕ್ಕ ಕೊಡಿ ಅಂತ ಮಲ್ಯ 2025ರಲ್ಲಿ ಕರ್ನಾಟಕ ಹೈಕೋರ್ಟ್‌ಗೂ ಬಂದರು. ಲೆಕ್ಕ ಕೇಳುವ ಹಕ್ಕು ಅವರಿಗೆ ಖಂಡಿತ ಇದೆ. ಆದರೆ ಸಾಲ ತೆಗೆದುಕೊಂಡ ದಿನ ಸುಳ್ಳು ಹೇಳಿದ್ದರೆ ಆಮೇಲೆ ವಸೂಲಾಯಿತು ಅಂತ ಆ ಸುಳ್ಳು ಅಳಿಸಿ ಹೋಗುವುದಿಲ್ಲ. ಹಾಗಾಗಿ ವಸೂಲಿ ಲೆಕ್ಕದಿಂದ ಹಸ್ತಾಂತರದ ಕೇಸು ಬಿದ್ದು ಹೋಗುವುದಿಲ್ಲ.

ಲಂಡನ್ ವಿಚಾರಣೆಯಲ್ಲಿ ನನಗೆ ತುಂಬಾ ಮುಜುಗರ ಅನ್ನಿಸಿದ್ದು ನಮ್ಮ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 161ನೇ ಕಲಮಿನ ಹೇಳಿಕೆಗಳ ವಿಷಯ. ವಕೀಲರಿಗೆ ಇದು ಗೊತ್ತು. ತನಿಖೆ ವೇಳೆ ಪೊಲೀಸರು ಸಾಕ್ಷಿಯನ್ನು ಕೂರಿಸಿ ತಾವೇ ಬರೆದುಕೊಳ್ಳುವ ಹೇಳಿಕೆ, ಅದಕ್ಕೆ ಸಾಕ್ಷಿಯ ಸಹಿಯೂ ಇರುವುದಿಲ್ಲ. ನಮ್ಮ ಕೋರ್ಟುಗಳೇ ಅದನ್ನು ಪೂರ್ತಿ ಸಾಕ್ಷ್ಯ ಅಂತ ಒಪ್ಪುವುದಿಲ್ಲ. ಲಂಡನ್ನಿನಲ್ಲಿ ಮಾಂಟ್‌ಗೊಮರಿ ಎದ್ದು ನಿಂತು, ಬೇರೆ ಬೇರೆ ಸಾಕ್ಷಿಗಳ ಹೇಳಿಕೆಗಳು ಪದಕ್ಕೆ ಪದ ಒಂದೇ ಥರ ಇವೆ, ಕಾಗುಣಿತದ ತಪ್ಪುಗಳೂ ಒಂದೇ ಇವೆ ಅಂತ ತೋರಿಸಿದರು. ಜಡ್ಜ್ ಕೂಡ ರಾಶಿ ರಾಶಿ ಕಡತ ನೋಡಿ ಇದು ಚಿತ್ರದ ತುಂಡುಗಳನ್ನು ಜೋಡಿಸಿದ ಹಾಗಿದೆ ಎಂದಿದ್ದರು. ಬ್ರಿಟನ್ನಿನ ಹಸ್ತಾಂತರ ಕಾನೂನು ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನೂ ಪರಿಗಣಿಸಲು ಬಿಡುತ್ತದೆ, ಅದರಿಂದ ಬಚಾವಾದೆವು. ಮೇಲ್ಮನವಿಯಲ್ಲಿ ಹೈಕೋರ್ಟ್, ಕೆಳಗಿನ ಜಡ್ಜ್ ಕೆಲವು ಕಡೆ ಭಾರತ ಹೇಳಿದ್ದಕ್ಕಿಂತ ಅಗಲವಾದ ಕೇಸನ್ನು ಕಂಡಿದ್ದಾರೆ, ಆದರೂ ಏಳು ಮುಖ್ಯ ವಿಷಯಗಳಲ್ಲಿ ಅದು ಭಾರತದ ಆರೋಪಕ್ಕೆ ಹೊಂದುತ್ತದೆ ಅಂತ ಹೇಳಿ ವಜಾ ಮಾಡಿತು. ಒಂದು ದೊಡ್ಡ ತನಿಖಾ ಸಂಸ್ಥೆ ವಿದೇಶಿ ಕೋರ್ಟಿಗೆ ಹೋಗುವಾಗ ಇನ್ನೂ ಅಚ್ಚುಕಟ್ಟಾಗಿ ಹೋಗಬಹುದಿತ್ತು, ಅಲ್ವಾ?

ರಾಜಕೀಯ ದ್ವೇಷದ ವಾದ ಬೇಗ ಮುಗಿಯಿತು. ಎಲ್ಲ ಪಕ್ಷದವರೂ ನನ್ನನ್ನು ಚೆಂಡಾಡುತ್ತಿದ್ದಾರೆ ಅಂದರೆ ಸಾಲದು, ನಿಮ್ಮ ರಾಜಕೀಯ ಅಭಿಪ್ರಾಯಕ್ಕಾಗಿಯೇ ಕೇಸು ಹಾಕಿದ್ದಾರೆ ಅಂತ ತೋರಿಸಬೇಕು. ಅದಕ್ಕೆ ಪುರಾವೆ ಇಲ್ಲ ಎಂದರು ಜಡ್ಜ್.

ನಿಜವಾದ ಕುಸ್ತಿ ಇರುವುದು ಜೈಲಿನ ವಿಷಯದಲ್ಲಿ. ಭಾರತ ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನಲ್ಲಿ ಇಡುತ್ತೇವೆ ಎಂದು ಫೋಟೋಗಳನ್ನು ಕೊಟ್ಟಿತು. ಫೋಟೋ ಸಾಲದು, ಒಳಗೆ ನಡೆದುಕೊಂಡು ಹೋಗುವ ಹಾಗೆ ವಿಡಿಯೋ ಬೇಕು, ಕಿಟಕಿಯಿಂದ ಹಗಲು ಬೆಳಕು ಬರುತ್ತದೋ ಇಲ್ಲವೋ ಕಾಣಬೇಕು ಅಂತ ಜಡ್ಜ್ 2018ರಲ್ಲಿ ಕೇಳಿದರು, ಅದಕ್ಕೆ ಮೂರು ವಾರ ಗಡುವು. ಮಲ್ಯಗೆ ಹಗಲು ಬೆಳಕು ಬೇಕಂತೆ ಅಂತ ನಮ್ಮಲ್ಲಿ ಎಲ್ಲರೂ ನಕ್ಕರು. ನಗುವ ಮೊದಲು ಯೋಚಿಸಿ. ಅಮಾನವೀಯ ಸ್ಥಿತಿಗೆ ಯಾರನ್ನೂ ಕಳಿಸಬಾರದು ಅನ್ನುವುದು ಅಲ್ಲಿ ಕಟ್ಟುನಿಟ್ಟಿನ ನಿಯಮ, ಕಳ್ಳನಿಗೂ ಅದೇ, ಕೊಲೆಗಾರನಿಗೂ ಅದೇ. ವಿಡಿಯೋ ಹೋಯಿತು, ಭರವಸೆ ಹೋಯಿತು, ಜಡ್ಜ್ ಒಪ್ಪಿದರು.

ಆಮೇಲೆ ಕಡತ ಗೃಹಮಂತ್ರಿ ಸಾಜಿದ್ ಜಾವಿದ್ ಮೇಜಿಗೆ. ಮಂತ್ರಿಗೆ ಇರುವ ಅಧಿಕಾರ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಗಲ್ಲು ಶಿಕ್ಷೆ ಆಗುತ್ತದೆಯೇ, ಯಾವ ಆರೋಪಕ್ಕೆ ಕೇಳಿದ್ದಾರೋ ಅದನ್ನು ಬಿಟ್ಟು ಬೇರೆ ಕೇಸು ಹಾಕುತ್ತಾರೆಯೇ, ಇಂಥ ಎರಡು ಮೂರು ಪ್ರಶ್ನೆ ಅಷ್ಟೇ. ಈ ಭರವಸೆಗಳು ಸುಮ್ನೆ ಕಾಗದದ ಮೇಲಿನ ಮಾತಲ್ಲ. ಪೋರ್ಚುಗಲ್‌ನಿಂದ 2005ರಲ್ಲಿ ಅಬು ಸಲೇಂನನ್ನು ತರುವಾಗ 25 ವರ್ಷಕ್ಕಿಂತ ಜಾಸ್ತಿ ಜೈಲಿಲ್ಲ ಅಂತ ಭಾರತ ಮಾತು ಕೊಟ್ಟಿತ್ತು. ಮುಂಬೈ ಸ್ಫೋಟದ ಕೇಸಿನಲ್ಲಿ ಜೀವಾವಧಿ ಆದರೂ ಆ ಮಾತು ಉಳಿಸಿಕೊಳ್ಳಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಾವಿದ್ 2019ರ ಫೆಬ್ರವರಿಯಲ್ಲಿ ಸಹಿ ಹಾಕಿದರು.

2020ರ ಮೇ 14ರಂದು ಬ್ರಿಟನ್ ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತು. ಇನ್ನು 28 ದಿನ ಅಂತ ನಮ್ಮ ಚಾನೆಲ್‌ಗಳು ಎಣಿಸತೊಡಗಿದವು. ಆಗ ಬ್ರಿಟನ್ ಸರ್ಕಾರ, ಒಂದು ಗೋಪ್ಯ ಕಾನೂನು ವಿಷಯ ಬಾಕಿ ಇದೆ, ಅದು ಮುಗಿಯದೆ ಕಳಿಸಲು ಆಗುವುದಿಲ್ಲ ಎಂದಿತು. ಏನದು ಅಂತ ಅವರು ಹೇಳುವುದಿಲ್ಲ. ಆದರೆ 2021ರ ಜನವರಿಯಲ್ಲಿ ದಿವಾಳಿ ಕೇಸಿನ ವಿಚಾರಣೆಯಲ್ಲಿ ಮಲ್ಯ ವಕೀಲರೇ, ಬ್ರಿಟನ್ನಿನಲ್ಲಿ ಉಳಿಯಲು ಇನ್ನೊಂದು ದಾರಿಗಾಗಿ ಗೃಹಮಂತ್ರಿಗೆ ಅರ್ಜಿ ಹೋಗಿದೆ ಎಂದರು. ಅದು ಆಶ್ರಯದ ಅರ್ಜಿ ಇರಬೇಕು ಅನ್ನುವುದು ಎಲ್ಲರ ಊಹೆ. ಅಲ್ಲಿನ ಕಾನೂನಿನ ಪ್ರಕಾರ ಆಶ್ರಯ ಕೇಳಿದವರ ಅರ್ಜಿ ಪೂರ್ತಿ ಇತ್ಯರ್ಥ ಆಗುವವರೆಗೆ ಹಸ್ತಾಂತರ ಮಾಡುವಂತಿಲ್ಲ. ಅಂಥ ಅರ್ಜಿ ಗುಟ್ಟಾಗಿ ಇರುತ್ತದೆ, ಅದಕ್ಕೆ ತಿರಸ್ಕಾರ ಬಂದರೂ ಮೇಲ್ಮನವಿ ಇದೆ. ಬ್ರಿಟನ್ ಮೇಲೆ ನನಗೆ ಸಿಟ್ಟು ಬರುವುದು ಈ ಒಂದು ಕಡೆ. ನಿರಾಶ್ರಿತರಿಗೆ ರಕ್ಷಣೆ ಇರಲೇಬೇಕು, ಆದರೆ ಕೋರ್ಟುಗಳು ರಾಜಕೀಯ ದ್ವೇಷ ಇಲ್ಲ ಅಂತ ತೀರ್ಮಾನಿಸಿದ ಮೇಲೂ ಒಂದು ಮುಚ್ಚಿದ ಕಡತ ವರ್ಷಗಟ್ಟಲೆ ಎಲ್ಲವನ್ನೂ ತಡೆದು ನಿಲ್ಲಿಸಬಾರದು.

ಹಾಗಂತ ಪೂರ್ತಿ ತಪ್ಪು ಅವರದ್ದೇ ಅನ್ನಲಾರೆ. 2000ದ ಕ್ರಿಕೆಟ್ ಮ್ಯಾಚ್ ಫಿಕ್ಸಿಂಗ್ ಆರೋಪಿ ಸಂಜೀವ್ ಚಾವ್ಲಾ ಕೇಸು ನೋಡಿ. ತಿಹಾರ್ ಜೈಲಿನ ಸ್ಥಿತಿ ಸರಿ ಇಲ್ಲ ಅಂತ 2017ರಲ್ಲಿ ಕೆಳಗಿನ ಕೋರ್ಟು ಬಿಟ್ಟುಬಿಟ್ಟಿತು. ಭಾರತ ಮತ್ತೆ ಭರವಸೆಗಳನ್ನು ಕೊಟ್ಟು, ಹೈಕೋರ್ಟಿನಲ್ಲಿ ಗೆದ್ದು, 2020ರ ಫೆಬ್ರವರಿಯಲ್ಲಿ ಕರೆದುಕೊಂಡು ಬಂತು. ಆದರೆ 2025ರ ಫೆಬ್ರವರಿಯಲ್ಲಿ ಶಸ್ತ್ರಾಸ್ತ್ರ ಸಲಹೆಗಾರ ಸಂಜಯ್ ಭಂಡಾರಿ ಕೇಸಿನಲ್ಲಿ ಅದೇ ಲಂಡನ್ ಹೈಕೋರ್ಟ್ ಭರವಸೆಗಳನ್ನು ಸಾಲದು ಎಂದಿತು. ತಿಹಾರ್‌ನಲ್ಲಿ ಕೈದಿಗಳಿಂದಲೋ ಜೈಲು ಸಿಬ್ಬಂದಿಯಿಂದಲೋ ಬೆದರಿಕೆ, ಸುಲಿಗೆ, ಹೊಡೆತದ ಅಪಾಯ ಇದೆ ಅಂತ ಹೇಳಿ ಬಿಟ್ಟು ಕಳಿಸಿತು. ಆ ತೀರ್ಪು ಬಂದ ಮೇಲೆ ನೀರವ್ ಮೋದಿ ವಕೀಲರು ಅದನ್ನೇ ಹಿಡಿದುಕೊಂಡು ಮುಗಿದ ಕೇಸನ್ನು ಮತ್ತೆ ತೆರೆಯಿರಿ ಅಂತ ಕೋರ್ಟಿಗೆ ಹೋದರು.

ಮಲ್ಯಗಾಗಿ ಒಂದು ಬ್ಯಾರಕ್ಕಿಗೆ ಸುಣ್ಣ ಬಳಿದು ವಿಡಿಯೋ ತೆಗೆದು ಕಳಿಸಬಹುದು, ಭಂಡಾರಿಗಾಗಿ ತಿಹಾರ್‌ನಂಥ ಇಡೀ ಜೈಲನ್ನು ಹಾಗೆ ತೋರಿಸಲು ಆಗುವುದಿಲ್ಲ. ಮುಂದೆ ಯಾರೇ ಓಡಿ ಹೋದರೂ ಅವರ ವಕೀಲ ಮೊದಲ ದಿನ ಕೈಗೆ ಎತ್ತಿಕೊಳ್ಳುವುದು ಭಂಡಾರಿ ತೀರ್ಪನ್ನೇ.