23 ಜನ, 365 ದಿನ: ಒಂದೇ ದಿನ ಹುಟ್ಟಿದವರು ಸಿಗೋ ಸಂಭವ ಎಷ್ಟು?

[ಪರದೆ: ಖಾಲಿ ಫುಟ್‌ಬಾಲ್ ಮೈದಾನ. ಒಬ್ಬೊಬ್ಬರೇ ಆಟಗಾರರು ಬಂದು ನಿಲ್ಲುತ್ತಾರೆ.]

ನಮಸ್ಕಾರ. ಫುಟ್‌ಬಾಲ್ ಮೈದಾನದಲ್ಲಿ ಈ ಕಡೆ 11 ಜನ, ಆ ಕಡೆ 11 ಜನ, ನಡುವೆ ಸೀಟಿ ಹಿಡಿದ ರೆಫರಿ ಒಬ್ಬರು. ಒಟ್ಟು 23. ಇವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರೋ ಸಂಭವ ಎಷ್ಟು? ವರ್ಷ ಬೇಡ, ತಿಂಗಳು ಮತ್ತು ತಾರೀಖು ಹೊಂದಿದರೆ ಸಾಕು.

ಹೆಚ್ಚಿನವರು 23ನ್ನು 365ರಿಂದ ಭಾಗಿಸಿ, ಶೇ 6 ಅಂತಾರೆ. ಸರಿಯಾದ ಉತ್ತರ ಶೇ 50.7. ಅಂದರೆ ಸಿಗೋದು, ಸಿಗದೇ ಇರೋದು ಹೆಚ್ಚೂಕಡಿಮೆ ಸಮ.

ಹಾಗಾದರೆ ಆ ಶೇ 6 ಎಲ್ಲಿಂದ ಬಂತು? ಅದು ಬೇರೆ ಪ್ರಶ್ನೆಗೆ ಸಿಗೋ ಉತ್ತರ. ನೀವೇ ಆ ರೆಫರಿ ಅಂದುಕೊಳ್ಳಿ. 'ಉಳಿದ 22 ಜನರಲ್ಲಿ ನನ್ನ ತಾರೀಖಿನಂದೇ ಹುಟ್ಟಿದವರು ಇದ್ದಾರಾ?' ಅಂತ ಕೇಳಿದರೆ ಸಂಭವ ಶೇ 5.9. ನಾವು ಕೇಳಿದ್ದು ಅದಲ್ಲ. ಯಾರಾದರೂ ಇಬ್ಬರು, ಯಾವುದಾದರೂ ಒಂದು ತಾರೀಖು. ಗೋಲ್‌ಕೀಪರ್‌ಗೂ ಎದುರು ತಂಡದ ಡಿಫೆಂಡರ್‌ಗೂ ಹೊಂದಿದರೂ ಲೆಕ್ಕಕ್ಕೆ ಬರುತ್ತೆ, ಅದರಲ್ಲಿ ನಿಮ್ಮ ಹೆಸರೇ ಇರಬೇಕಿಲ್ಲ. 23 ಜನರಲ್ಲಿ ಮಾಡಬಹುದಾದ ಜೋಡಿಗಳು 23 × 22 ÷ 2, ಅಂದರೆ 253. ಅದರಲ್ಲಿ ನೀವಿರೋದು ಬರೀ 22ರಲ್ಲಿ.

[ಪರದೆ: ಮೂರು ಕುರ್ಚಿ. ಹೆಸರು: ಅ, ಬ, ಕ.]

ಮೊದಲು ನೇರವಾಗೇ ಲೆಕ್ಕ ಹಾಕೋಕೆ ಹೋಗೋಣ, ಎಲ್ಲಿ ಸಿಕ್ಕಿಹಾಕಿಕೊಳ್ತೀವಿ ಅಂತ ಗೊತ್ತಾಗಲಿ. ಇಬ್ಬರೇ ಇದ್ದರೆ ಸುಲಭ. ಎಸ್ಸೆಸ್ಸೆಲ್ಸಿ ಗಣಿತದಲ್ಲೇ ನೋಡಿರ್ತೀರಿ, ಉತ್ತರ 1/365. ಮೂವರಾದರೆ ಜೋಡಿಗಳು ಮೂರು: ಅ-ಬ, ಬ-ಕ, ಅ-ಕ. ಒಂದೊಂದಕ್ಕೂ 1/365, ಕೂಡಿದರೆ 3/365. ಇದು ತಪ್ಪು. ಮೂವರೂ ಒಂದೇ ದಿನ ಹುಟ್ಟಿದ್ದರೆ ಅದೇ ಸಂದರ್ಭ ಮೂರು ಜೋಡಿಗಳಲ್ಲೂ ಸೇರಿಕೊಂಡಿದೆ, ಒಂದನ್ನು ಮೂರು ಸಲ ಎಣಿಸಿದ ಹಾಗಾಯ್ತು. ಎರಡನ್ನು ಕಳೀಬೇಕು.

ಮೂವರಲ್ಲಿ ಈ ತಪ್ಪು ತೀರಾ ಚಿಕ್ಕದು, ಕಣ್ಣಿಗೇ ಬೀಳಲ್ಲ. ಅದಕ್ಕೇ ಇದು ಅಪಾಯ. ಇದೇ ದಾರೀಲಿ 28 ಜನರವರೆಗೆ ಹೋಗಿ ನೋಡಿ. ಜೋಡಿಗಳು 378, ಕೂಡಿದರೆ 378/365. ಸಂಭವನೀಯತೆ ಒಂದಕ್ಕಿಂತ ಹೆಚ್ಚಾಯ್ತು! ಹಾಗೆ ಬಂದರೆ ಎಲ್ಲೋ ಎರಡೆರಡು ಸಲ ಎಣಿಸಿದ್ದೀವಿ ಅಂತಲೇ ಅರ್ಥ.

ಸರಿ, ಹೆಚ್ಚಾಗಿ ಎಣಿಸಿದ್ದನ್ನೆಲ್ಲ ಕಳೆಯೋಣ ಅಂದರೆ ನಾಲ್ವರಿಗೇ ಸುಸ್ತಾಗುತ್ತೆ. ಒಂದೇ ಜೋಡಿ ಇರಬಹುದು, ಎರಡು ಬೇರೆ ಬೇರೆ ಜೋಡಿ ಇರಬಹುದು, ಮೂವರು ಒಂದೇ ದಿನದವರಿರಬಹುದು, ನಾಲ್ವರೂ ಇರಬಹುದು. 23 ಜನರಿಗೆ ಈ ಪಟ್ಟಿ ಮಾಡೋಕೆ ಕೂತರೆ ಸಂಜೆಯಾದರೂ ಮುಗಿಯಲ್ಲ.

[ಪರದೆ: 'ಒಂದಾದರೂ ಜೋಡಿ ಇದೆ' ಎಂಬ ಸಾಲು. ಅದರ ಕೆಳಗೆ 'ಒಂದೂ ಜೋಡಿ ಇಲ್ಲ'.]

ಈಗ ಪ್ರಶ್ನೆಯನ್ನೇ ತಿರುಗಿಸೋಣ. 'ಒಂದಾದರೂ ಜೋಡಿ ಇದೆ' ಅನ್ನೋದರ ಪೂರಕ ಘಟನೆ ಯಾವುದು? 'ಒಂದೂ ಜೋಡಿ ಇಲ್ಲ'. 'ಒಂದು ಜೋಡಿ ಮಾತ್ರ ಇದೆ' ಅಂತ ಬರೆದುಬಿಡೋರು ಇದ್ದಾರೆ, ಅದು ಪೂರಕ ಅಲ್ಲ. 'ಆದರೂ' ಅಂತ ಇದ್ದ ಕಡೆ ಪೂರಕದಲ್ಲಿ 'ಒಂದೂ ಇಲ್ಲ' ಅಂತಲೇ ಬರಬೇಕು. ಮೇಲಿನ ಸಾಲಿನಲ್ಲಿ ನೂರೆಂಟು ಬಗೆ ಅಡಗಿವೆ. ಕೆಳಗಿನದರಲ್ಲಿ ಇರೋದು ಒಂದೇ ಬಗೆ: ಎಲ್ಲರ ತಾರೀಖೂ ಬೇರೆ ಬೇರೆ. ಇದನ್ನು ಕಂಡುಹಿಡಿದು 1ರಿಂದ ಕಳೆದರೆ ಕೆಲಸ ಮುಗೀತು.

[ಪರದೆ: ಗೋಡೆ ಕ್ಯಾಲೆಂಡರ್, 12 ತಿಂಗಳೂ ಒಟ್ಟಿಗೆ ಕಾಣುವಂತೆ. ಕೆಂಪು ಪೆನ್ನು ಹಿಡಿದ ಕೈ.]

ಕ್ಯಾಲೆಂಡರ್ ತಗೊಳ್ಳೋಣ. 365 ಚೌಕ, ಎಲ್ಲವೂ ಖಾಲಿ. ಮೊದಲನೆಯವರು ಬಂದರು, ಅವರ ತಾರೀಖು ಮಾರ್ಚ್ 14. ಅದಕ್ಕೊಂದು ಕೆಂಪು ಅಡ್ಡಗೆರೆ. ಅವರು ಯಾವ ದಿನ ಹುಟ್ಟಿದ್ದರೂ ತೊಂದರೆ ಇರಲಿಲ್ಲ, ಹಾಗಾಗಿ ಅವರ ಭಿನ್ನರಾಶಿ 365/365.

ಎರಡನೆಯವರು ಬಂದರು. ಗೆರೆ ಎಳೆದ ಚೌಕ ಒಂದು, ಖಾಲಿ ಇರೋದು 364. ಮೊದಲನೆಯವರಿಗೆ ಹೊಂದದೇ ಇರೋ ಸಂಭವ 364/365. ಅವರದು ಆಗಸ್ಟ್ 2 ಅನ್ನಿ, ಅಲ್ಲೂ ಒಂದು ಗೆರೆ.

ಮೂರನೆಯವರಿಗೆ ಖಾಲಿ ಚೌಕ 363, ಭಿನ್ನರಾಶಿ 363/365. ಇಲ್ಲೊಂದು ಸಂದೇಹ ಬರಬೇಕು. ಮೊದಲಿಬ್ಬರೂ ಒಂದೇ ದಿನದವರಾಗಿದ್ದರೆ ಖಾಲಿ ಚೌಕ 364 ಇರ್ತಿತ್ತಲ್ವಾ? ಇರ್ತಿತ್ತು. ಆದರೆ ಹಾಗಾಗಿದ್ದರೆ ಜೋಡಿ ಆಗಲೇ ಸಿಕ್ಕಿತ್ತು, ಮೂರನೆಯವರ ತನಕ ನಾವು ಬರ್ತಾನೇ ಇರಲಿಲ್ಲ. 363/365 ಅನ್ನೋದು 'ಮೊದಲಿಬ್ಬರದು ಬೇರೆ ಬೇರೆ ಅಂತ ಆಗಲೇ ಗೊತ್ತಿದ್ದಾಗ' ಬರೋ ಸಂಭವ. ಪ್ರತಿ ಮೆಟ್ಟಿಲೂ ಹಿಂದಿನ ಮೆಟ್ಟಿಲು ದಾಟಿದ ಮೇಲಿನದು. ಅದಕ್ಕೇ ಇಲ್ಲಿ ಕೂಡಿಸೋದಿಲ್ಲ, ಗುಣಿಸ್ತೀವಿ.

[ಪರದೆ:]

```
P(ಎಲ್ಲ ಬೇರೆ) = 365/365 × 364/365 × 363/365 × ... × 343/365
P(ಒಂದಾದರೂ ಜೋಡಿ) = 1 − P(ಎಲ್ಲ ಬೇರೆ)
```

ಕೊನೆಯ ಅಂಶ 343 ಯಾಕೆ? 23ನೆಯವರು ಬರುವಾಗ ಗೆರೆ ಬಿದ್ದಿರೋದು 22 ಚೌಕಕ್ಕೆ, 23ಕ್ಕಲ್ಲ. 365ರಲ್ಲಿ 22 ಕಳೆದರೆ 343. ಎಲ್ಲರೂ ಎಡವೋದು ಇಲ್ಲೇ. 365ರಿಂದ 23 ಕಳೆದು 342ರ ತನಕ ಗುಣಿಸಿಬಿಡ್ತಾರೆ. ನಿಮ್ಮ ಉತ್ತರ ಶೇ 53.8 ಬಂದಿದ್ದರೆ ಒಂದು ಭಿನ್ನರಾಶಿ ಹೆಚ್ಚಾಗಿದೆ, ಅದು 24 ಜನರ ಉತ್ತರ. ಶೇ 47.6 ಬಂದಿದ್ದರೆ ಒಂದು ಕಡಿಮೆಯಾಗಿದೆ. 365/365ನ್ನೂ ಸೇರಿಸಿ ಎಣಿಸಿ: ಎಷ್ಟು ಜನರೋ ಅಷ್ಟೇ ಭಿನ್ನರಾಶಿ ಇರಬೇಕು.

ಈಗ ಗುಣಿಸ್ತಾ ಹೋಗೋಣ.

[ಪರದೆ: ಗುಣಲಬ್ಧ ಇಳಿಯುತ್ತಾ ಹೋಗುವ ಗೆರೆ. ಒಂದೊಂದೇ ಅಂಕಿ ಮೂಡುತ್ತದೆ.]

ಇಬ್ಬರಿಗೆ 0.9973. ಮೂವರಿಗೆ 0.9918. ಐವರಿಗೆ 0.9729. ಇಲ್ಲಿವರೆಗೆ ಏನೂ ಆಗ್ತಿಲ್ಲ ಅನ್ಸುತ್ತೆ. 10 ಜನರಿಗೆ 0.8831, 15ಕ್ಕೆ 0.7471, 20ಕ್ಕೆ 0.5886. 22ಕ್ಕೆ 0.5243, ಇನ್ನೂ ಅರ್ಧಕ್ಕಿಂತ ಮೇಲಿದೆ. 23ನೇ ಭಿನ್ನರಾಶಿ ಗುಣಿಸಿದ ತಕ್ಷಣ 0.4927. ಅರ್ಧದ ಗೆರೆ ದಾಟಿ ಕೆಳಗೆ ಬಂತು. 1ರಿಂದ ಕಳೆದರೆ 0.5073.

ಶುರುವಲ್ಲಿ ಅಷ್ಟು ನಿಧಾನ, ಆಮೇಲೆ ಇಷ್ಟು ವೇಗ ಯಾಕೆ? ಭಿನ್ನರಾಶಿಗಳನ್ನೇ ನೋಡಿ. ಎರಡನೆಯದು 364/365, ಅದು ಗುಣಲಬ್ಧದಿಂದ ಕತ್ತರಿಸಿದ್ದು ಶೇ 0.3ರಷ್ಟು ಮಾತ್ರ. ಕೊನೆಯ 343/365 ಒಂದೇ ಏಟಿಗೆ ಶೇ 6ನ್ನು ಕತ್ತರಿಸುತ್ತೆ. ಹೊಸದಾಗಿ ಬಂದವರು ತಮಗಿಂತ ಮುಂಚೆ ಬಂದ ಎಲ್ಲರ ತಾರೀಖನ್ನೂ ತಪ್ಪಿಸಿಕೊಳ್ಳಬೇಕು. ಜನ ಹೆಚ್ಚಿದಷ್ಟೂ ತಪ್ಪಿಸಿಕೊಳ್ಳೋದು ಕಷ್ಟ. 41 ಜನ ಸೇರಿದರೆ ಜೋಡಿ ಸಿಗೋ ಸಂಭವ ಶೇ 90, 57ಕ್ಕೆ ಶೇ 99. ನೂರಕ್ಕೆ ನೂರು ಬೇಕಂದರೆ ಮಾತ್ರ 366 ಜನ ಬೇಕು.

ಕ್ಯಾಲ್ಕುಲೇಟರ್ ಹಿಡಿಯೋರಿಗೆ ಒಂದು ಮಾತು. ಪ್ರತಿ ಭಿನ್ನರಾಶಿಯನ್ನೂ ಎರಡು ದಶಮಾಂಶಕ್ಕೆ ರೌಂಡ್ ಆಫ್ ಮಾಡಬೇಡಿ. 364/365 ಆಗ 1.00 ಆಗಿಬಿಡುತ್ತೆ, ಎರಡನೆಯವರು ಲೆಕ್ಕದಿಂದಲೇ ಮಾಯ. ಕೊನೆವರೆಗೂ ಪೂರ್ತಿ ಸಂಖ್ಯೆ ಇಟ್ಟುಕೊಂಡು, ಉತ್ತರವನ್ನಷ್ಟೇ ರೌಂಡ್ ಆಫ್ ಮಾಡಿ. ಹಾಗೇ, ಸೂತ್ರ ಚಂದ ಕಾಣುತ್ತೆ ಅಂತ 365! ಒತ್ತಬೇಡಿ. ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ 69! ದಾಟಿದರೆ ಎರರ್ ತೋರಿಸುತ್ತೆ. ಒಂದು ಗುಣಾಕಾರ, ಒಂದು ಭಾಗಾಕಾರ, ಮತ್ತೆ ಗುಣಾಕಾರ: ಹೀಗೆ ಹೋದರೆ ಸಂಖ್ಯೆ ಎಂದೂ 365 ದಾಟಲ್ಲ. ಪೈಥಾನ್‌ನಲ್ಲಿ ಇಷ್ಟೇ:

```python
p = 1.0
for k in range(23):
    p = p * (365 - k) / 365
print(1 - p)
```

`k` ಸೊನ್ನೆಯಿಂದ 22ರವರೆಗೆ ಓಡುತ್ತೆ, ಅಂದರೆ ಗೆರೆ ಬಿದ್ದ ಚೌಕಗಳ ಸಂಖ್ಯೆ. 23ರ ಜಾಗದಲ್ಲಿ ನಿಮ್ಮ ತರಗತಿಯ ಸಂಖ್ಯೆ ಹಾಕಿ ನೋಡಿ.

[ಪರದೆ: 32 ತಂಡಗಳ ಚೌಕಗಳು. ಅರ್ಧ ಬೆಳಗುತ್ತವೆ.]

ಕಾಗದದ ಲೆಕ್ಕ ಸರಿ, ನಿಜವಾದ ಜನರಲ್ಲಿ ಹೀಗೇ ಆಗುತ್ತಾ? 2014ರ ಫುಟ್‌ಬಾಲ್ ವಿಶ್ವಕಪ್ ಇದಕ್ಕೆ ಹೇಳಿಮಾಡಿಸಿದ ಹಾಗಿತ್ತು. 32 ತಂಡ, ಪ್ರತಿ ತಂಡದಲ್ಲೂ 23 ಆಟಗಾರರು. ಹುಟ್ಟಿದ ದಿನ ಹೊಂದೋ ಆಟಗಾರರಿದ್ದ ತಂಡಗಳು 16. ಸರಿಯಾಗಿ ಅರ್ಧ. ಇಷ್ಟು ನಿಖರವಾಗಿ ಬಂದದ್ದು ಅದೃಷ್ಟ ಅನ್ನಿ, 14 ಅಥವಾ 19 ಬಂದಿದ್ದರೂ ಆಶ್ಚರ್ಯ ಇರಲಿಲ್ಲ.

ಈ ಲೆಕ್ಕದಲ್ಲಿ ನಾವು ಸುಮ್ಮನೆ ಒಪ್ಪಿಕೊಂಡಿದ್ದು ಎರಡು ಸಂಗತಿ. ಒಂದು, ಒಬ್ಬರ ತಾರೀಖಿಗೂ ಇನ್ನೊಬ್ಬರದಕ್ಕೂ ಸಂಬಂಧ ಇಲ್ಲ. ಗುಂಪಿನಲ್ಲಿ ಅವಳಿಗಳಿದ್ದರೆ ಅಲ್ಲಿಗೇ ಕತೆ ಮುಗೀತು. ಎರಡು, 365 ದಿನಕ್ಕೂ ಸಮಾನ ಸಂಭವ ಇದೆ. ಯಾವುದಾದರೂ ದಿನಕ್ಕೆ ಹೆಚ್ಚು ಜನ ಬಿದ್ದರೆ ಜೋಡಿ ಸಿಗೋ ಸಂಭವ ಏರುತ್ತೆಯೇ ಹೊರತು ಇಳಿಯಲ್ಲ. ಹಾಗಾಗಿ ಶೇ 50.7 ಅನ್ನೋದು ಕನಿಷ್ಠ ಮಿತಿ. (ಫೆಬ್ರವರಿ 29ನ್ನು ಬೇರೆ ದಿನಗಳಷ್ಟೇ ತೂಕ ಕೊಟ್ಟು 366 ಮಾಡಿದರೂ ಅರ್ಧ ದಾಟೋಕೆ ಬೇಕಾದವರು 23 ಜನರೇ.)

[ಪರದೆ: ಶಾಲೆಯ ದಾಖಲಾತಿ ರಿಜಿಸ್ಟರ್‌ನ ಒಂದು ಪುಟ. ಹೆಸರುಗಳು ಮಸುಕು. ತಾರೀಖಿನ ಕಾಲಂನಲ್ಲಿ 01-06, 01-06, 01-06.]

ಏರೋದು ಎಷ್ಟರ ಮಟ್ಟಿಗೆ ಅಂತ ನೋಡೋಕೆ ನಮ್ಮ ಊರುಗಳ ಹಳೇ ಶಾಲಾ ದಾಖಲೆ ಸಾಕು. ಮಗು ಹುಟ್ಟಿದ ತಾರೀಖು ಮನೆಯಲ್ಲಿ ಬರೆದಿಟ್ಟಿರಲಿಲ್ಲ ಅಂದರೆ, ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೀತಿದ್ದರು. ಆ ತಲೆಮಾರಿನ 20 ಜನರನ್ನು ತಗೊಳ್ಳಿ, ಅವರಲ್ಲಿ ಹತ್ತರಲ್ಲೊಬ್ಬರದು ಜೂನ್ 1 ಅಂತ ಲೆಕ್ಕಕ್ಕೆ ಊಹಿಸಿಕೊಳ್ಳೋಣ. ಇಬ್ಬರಾದರೂ ಜೂನ್ 1ರವರು ಇರೋ ಸಂಭವ ಎಷ್ಟು?

ಮತ್ತೆ ಪೂರಕವೇ. ಆದರೆ ಈ ಸಲ ಅದಕ್ಕೆ ಎರಡು ತುಂಡು: ಒಬ್ಬರೂ ಇಲ್ಲ, ಅಥವಾ ಒಬ್ಬರೇ ಇದ್ದಾರೆ. ಒಬ್ಬರೂ ಇಲ್ಲದಿರಲು 9/10ನ್ನು 20 ಸಲ ಗುಣಿಸಿ: 0.122. ಒಬ್ಬರೇ ಇರಲು, ಆ ಒಬ್ಬರಿಗೆ 1/10, ಉಳಿದ 19 ಜನರಿಗೆ 9/10, ಆ ಒಬ್ಬರು 20ರಲ್ಲಿ ಯಾರಾದರೂ ಆಗಬಹುದು: 0.270. ಕೂಡಿದರೆ 0.392. 1ರಿಂದ ಕಳೆದರೆ 0.608.

20 ಜನರಿಗೆ ನಮ್ಮ ಮೊದಲಿನ ಲೆಕ್ಕ ಕೊಟ್ಟಿದ್ದು ಶೇ 41. ಇಲ್ಲಿ ಜೂನ್ 1 ಒಂದರಿಂದಲೇ ಶೇ 61 ಆಗಿದೆ, ಉಳಿದ 364 ಚೌಕಗಳನ್ನು ನಾವಿನ್ನೂ ಮುಟ್ಟೇ ಇಲ್ಲ.