ಸಂಜೆಯ ಒಂದು ಗಂಟೆ, ಭಾನುವಾರದ ನಾಲ್ಕು ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬ್ಯಾಂಕ್ ನೌಕರ. ಮನೆ ಹಾಸನದಲ್ಲಿ, ಶಾಖೆ ಬೇಲೂರಿನಲ್ಲಿ. ಸಂಜೆ ಬಸ್ ಹಿಡಿದು ಮನೆ ಸೇರುವಾಗ ಏಳೂವರೆ. ಹೀಗಿದ್ದುಕೊಂಡೇ ನಾನು ಬ್ಯಾಂಕ್ ನೌಕರರಿಗೆಂದೇ ಇರುವ ಜೆಎಐಐಬಿ ಪರೀಕ್ಷೆ ಬರೆದೆ. ನಾಲ್ಕು ಪೇಪರ್. ಒಂದೊಂದಕ್ಕೂ ನೂರು ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಮೊದಲ ಸಲ ನನಗೆ ಬಂದದ್ದು 58, 54, 51 ಮತ್ತು 43. ಆ 43 ಅಕೌಂಟಿಂಗ್ ಪೇಪರಿನದು. ಪಾಸಾಗಲು ಪ್ರತಿ ಪೇಪರಿಗೂ 50 ಬೇಕು. ಇನ್ನೊಂದು ದಾರಿಯೂ ಇದೆ. ನಾಲ್ಕನ್ನೂ ಒಂದೇ ಸಲ ಬರೆದು, ಪ್ರತಿಯೊಂದರಲ್ಲೂ ಕನಿಷ್ಠ 45 ತೆಗೆದು, ಒಟ್ಟು ಸರಾಸರಿ 50 ಬಂದರೂ ಪಾಸ್. ನನ್ನ ಒಟ್ಟು ಅಂಕ 206 ಇತ್ತು. ಅಕೌಂಟಿಂಗ್‌ನಲ್ಲಿ ಇನ್ನೆರಡು ಅಂಕ ಬಂದಿದ್ದರೆ ಸಾಕಿತ್ತು. ಆ ಎರಡು ಅಂಕಕ್ಕೆ ಆರು ತಿಂಗಳು ಕಾದೆ.

ಓದಿದ್ದು ಕಡಿಮೆ ಅಂತ ಅಲ್ಲ. ಓದಿದ ಹೊತ್ತು ತಪ್ಪಾಗಿತ್ತು. ದಿನವಿಡೀ ಕೌಂಟರಿನಲ್ಲಿ ಕೂತು ಬಂದು, ರಾತ್ರಿ ಒಂಬತ್ತಕ್ಕೆ ಲೆಕ್ಕದ ಹೊಸ ಅಧ್ಯಾಯ ತೆಗೆಯುತ್ತಿದ್ದೆ. ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ. ಭಾನುವಾರ ತಲೆ ಹಗುರ ಇದ್ದಾಗ ಸುಲಭದ ಪಾಠ ಓದಿ, ಓದಾಯ್ತು ಅಂದುಕೊಳ್ಳುತ್ತಿದ್ದೆ. ಇದು ತಿರುಗುಮುರುಗು ಆಗಬೇಕಿತ್ತು.

ನಮ್ಮ ಶಾಖೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನವೆಂಬರ್ ಪರೀಕ್ಷೆಗೆ ಕಟ್ಟಿದಾಗ, ಇಬ್ಬರೂ ಗೋಡೆ ಕ್ಯಾಲೆಂಡರ್ ಇಳಿಸಿ ಮುಂದಿಟ್ಟುಕೊಂಡು ಕೂತೆವು. ಆಗಸ್ಟ್‌ನಿಂದ ಅಕ್ಟೋಬರ್ ಕೊನೆವರೆಗೆ ಹದಿಮೂರು ವಾರ. ವಾರಕ್ಕೆ ನಾಲ್ಕು ಸಂಜೆ ಮಾತ್ರ ಲೆಕ್ಕಕ್ಕೆ ಹಿಡಿದೆವು, ಒಂದೊಂದು ಗಂಟೆ. ಐದನೆಯ ಸಂಜೆ ಯಾವುದಾದರೂ ಕೆಲಸಕ್ಕೆ ಹೋಗಿಯೇ ಹೋಗುತ್ತದೆ, ಅಲ್ವಾ? ಭಾನುವಾರ ಬೆಳಗ್ಗೆ ನಾಲ್ಕು ಗಂಟೆ. ಬ್ಯಾಂಕಿಗೆ ರಜೆ ಇರುವ ಎರಡನೇ ಮತ್ತು ನಾಲ್ಕನೇ ಶನಿವಾರವೂ ನಾಲ್ಕು ಗಂಟೆ. ಸರಾಸರಿ ವಾರಕ್ಕೆ ಹತ್ತು ಗಂಟೆ ಅಂದರೆ 130 ಆಯಿತು.

ಆಮೇಲೆ ಪೆನ್ಸಿಲ್ ಹಿಡಿದು ಕಳೆಯಲು ಶುರು ಮಾಡಿದೆವು. ಸೆಪ್ಟೆಂಬರ್ ಕೊನೆಯ ವಾರ ಅರ್ಧ ವರ್ಷದ ಲೆಕ್ಕ ಮುಗಿಸುವ ಕೆಲಸ. ಗಣೇಶನ ಹಬ್ಬ, ದಸರಾ. ಇನ್ನು ಹಾಸನಾಂಬೆ ಬಾಗಿಲು ತೆಗೆದರೆ ಊರಿನ ಮನೆಗಳಲ್ಲಿ ನೆಂಟರು ಇಲ್ಲದ ದಿನವಿಲ್ಲ. ಅದೂ ಸರಿಯಾಗಿ ಪರೀಕ್ಷೆ ಹತ್ತಿರ ಬಂದಾಗ. ಆ ದಿನಗಳಲ್ಲಿ ಓದುತ್ತೇನೆ ಅಂತ ಬರೆದುಕೊಳ್ಳುವುದು ಸುಮ್ನೆ. ಎಲ್ಲ ಕಳೆದಾಗ ಉಳಿದದ್ದು ಸುಮಾರು ನೂರು ಗಂಟೆ.

ಅದರಲ್ಲಿ ನಲವತ್ತು ಗಂಟೆ ಅಕೌಂಟಿಂಗ್‌ಗೇ ಇಟ್ಟೆವು. ಅಷ್ಟೂ ಭಾನುವಾರ, ಶನಿವಾರದ ಬೆಳಗ್ಗೆಯೇ. ಹಾಳೆ, ಪೆನ್ನು, ಕ್ಯಾಲ್ಕುಲೇಟರ್ ಇಟ್ಟುಕೊಂಡು ಲೆಕ್ಕ ಮಾಡಬೇಕು, ಬಿಡಿಸಿದ ಲೆಕ್ಕ ಓದಬಾರದು. ಸಂಜೆಗೆ ಬ್ಯಾಂಕಿಂಗ್ ನಿಯಮ, ರೀಟೇಲ್ ಸಾಲ, ಆರ್ಥಿಕತೆಯ ಪಾಠ. ಅವು ದಿನವೂ ಕೌಂಟರಿನಲ್ಲಿ ಕಾಣುವ ವಿಷಯಗಳಾದ್ದರಿಂದ ದಣಿದ ತಲೆಗೂ ಹತ್ತುತ್ತವೆ. ಸಂಜೆ ಒಂದೇ ಸಾಲನ್ನು ಎರಡನೇ ಸಲ ಓದುತ್ತಿದ್ದೀರಿ ಅಂತ ಗೊತ್ತಾದ ತಕ್ಷಣ ಹೊಸ ಪಾಠ ಮುಚ್ಚಿ, ನಿನ್ನೆಯ ಪಾಠದ ಇಪ್ಪತ್ತು ಪ್ರಶ್ನೆ ಮಾಡಿ. ಪ್ರಶ್ನೆ ಕೇಳಿದರೆ ತಲೆ ಎಚ್ಚರವಾಗುತ್ತದೆ.

ಇದರ ಜೊತೆಗೆ ಒಂದು ತಪ್ಪಿನ ಪುಸ್ತಕ. ನನಗೆ ಅತಿ ಜಾಸ್ತಿ ಉಪಯೋಗವಾದದ್ದು ಇದು. ಒಂದು ಲೆಕ್ಕ ಹೇಳುತ್ತೇನೆ. ಯಂತ್ರದ ಬೆಲೆ ಒಂದು ಲಕ್ಷ, ಸವಕಳಿ ವರ್ಷಕ್ಕೆ ಶೇಕಡಾ 10, ಉಳಿದ ಮೌಲ್ಯದ ಮೇಲೆ. ಎರಡು ವರ್ಷದ ನಂತರ ಎಷ್ಟು? ಆಕೆ 80,000 ಅಂತ ಗುರುತು ಹಾಕಿದಳು. ಮೊದಲ ವರ್ಷ ಹತ್ತು ಸಾವಿರ ಹೋಗಿ 90,000 ಉಳಿಯುತ್ತದೆ. ಎರಡನೇ ವರ್ಷ ಅದರ ಶೇಕಡಾ 10, ಅಂದರೆ 9,000 ಮಾತ್ರ. ಸರಿ ಉತ್ತರ 81,000. ಆಯ್ಕೆಗಳಲ್ಲಿ 80,000 ಕೂಡ ಇತ್ತು. ಅವಸರದಲ್ಲಿ ಓದುವವರಿಗಾಗಿಯೇ ಅದನ್ನು ಇಟ್ಟಿರುತ್ತಾರೆ.

ಪುಸ್ತಕದಲ್ಲಿ ಆಕೆ ಸರಿ ಉತ್ತರ ಬರೆಯಲಿಲ್ಲ, ಕಾರಣ ಬರೆದಳು: "ಉಳಿದ ಮೌಲ್ಯದ ಮೇಲೆ ಅನ್ನೋದನ್ನ ಓದಲಿಲ್ಲ." ಗೊತ್ತಿರಲಿಲ್ಲ, ಮರೆತೆ, ಸರಿಯಾಗಿ ಓದಲಿಲ್ಲ, ಈ ಮೂರರಲ್ಲಿ ಯಾವುದು ಅಂತ ಪ್ರತಿ ತಪ್ಪಿನ ಪಕ್ಕದಲ್ಲೂ ಇರಬೇಕು. ಗೊತ್ತಿರಲಿಲ್ಲ ಅಂದರೆ ಆ ಪಾಠ ಭಾನುವಾರಕ್ಕೆ. ಮರೆತದ್ದಾದರೆ ಬೆಳಗಿನ ಬಸ್ಸಿನಲ್ಲಿ ತಿರುವಿ ನೋಡಿದರೆ ಸಾಕು. ಮೂರನೆಯದಕ್ಕೆ ಮತ್ತೆ ಪಾಠ ಓದಿ ಪ್ರಯೋಜನವಿಲ್ಲ. ಗಡಿಯಾರ ಇಟ್ಟುಕೊಂಡು ನೂರು ಪ್ರಶ್ನೆಯ ಅಣಕು ಪರೀಕ್ಷೆ ಬರೆದೇ ಅದು ಹೋಗಬೇಕು. ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡ್.

ಕೊನೆಯ ಮೂರು ಭಾನುವಾರ ಆಕೆ ಬರೆದದ್ದು ಅಣಕು ಪರೀಕ್ಷೆ ಮಾತ್ರ. ಮೊದಲ ವಾರ ಅಕೌಂಟಿಂಗ್‌ನಲ್ಲಿ 41 ಬಂತು, ಗಾಬರಿಯಿಂದ ಫೋನ್ ಮಾಡಿದಳು. ತಪ್ಪಿನ ಪುಸ್ತಕ ತೆಗೆಸಿ ಎಣಿಸಿದೆವು. ಹದಿನಾಲ್ಕು ತಪ್ಪು ಬರೀ ಓದಿನ ಅವಸರದ್ದು. ಪಾಠ ಬರುತ್ತಿತ್ತು. ಲೆಕ್ಕ ಶುರು ಮಾಡುವ ಮೊದಲು ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದು ಅಂದೆ. ಮೂರನೇ ಭಾನುವಾರ 53 ಬಂತು. ಪರೀಕ್ಷೆಯಲ್ಲಿ 52.