ಕವರ್ಡ್ ಕಾಲ್: ಮಾರುವ ಬೆಲೆ ಮೊದಲು, ಪ್ರೀಮಿಯಂ ಆಮೇಲೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹಲವರ ಡಿಮ್ಯಾಟ್ ಖಾತೆಯಲ್ಲಿ ಇನ್ಫೋಸಿಸ್ ಷೇರು ವರ್ಷಗಳಿಂದ ಇದ್ದೇ ಇರುತ್ತದೆ. ಡಿವಿಡೆಂಡ್ ಬರುತ್ತದೆ, ಉಳಿದಂತೆ ಷೇರು ಸುಮ್ನೆ ಕೂತಿರುತ್ತದೆ. ಅದರಿಂದ ಇನ್ನಷ್ಟು ಆದಾಯ ಬೇಕು, ಅದಕ್ಕಾಗಿ ಮುಂದೆ ಬರಬಹುದಾದ ದೊಡ್ಡ ಲಾಭದಲ್ಲಿ ಒಂದು ಪಾಲು ಬಿಟ್ಟುಕೊಡಲು ಸಿದ್ಧ ಅನ್ನುವವರಿಗೆ ಇರುವ ದಾರಿ ಕವರ್ಡ್ ಕಾಲ್. ಇವತ್ತು ಇನ್ಫೋಸಿಸ್ ಷೇರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ನೋಡೋಣ. ನಾನು ಹೇಳುವ ಬೆಲೆಗಳು ಲೆಕ್ಕಕ್ಕಾಗಿ ತೆಗೆದುಕೊಂಡವು, ಇವತ್ತಿನ ಮಾರುಕಟ್ಟೆ ಬೆಲೆಗಳಲ್ಲ.

ಸೈಟ್ ಮಾರುವಾಗ ಅಗ್ರಿಮೆಂಟ್ ಮಾಡಿಕೊಂಡು ಅಡ್ವಾನ್ಸ್ ತೆಗೆದುಕೊಳ್ಳುತ್ತೇವಲ್ಲ, ಇದೂ ಹೆಚ್ಚುಕಡಿಮೆ ಹಾಗೆಯೇ. ಇಂಥ ದಿನದೊಳಗೆ, ಇಂಥ ಬೆಲೆಗೆ ಕೊಡುತ್ತೇನೆ ಎಂದು ಒಪ್ಪುತ್ತೀರಿ. ಕೊಳ್ಳುವವನಿಗೆ ಬೇಡ ಅನ್ನಿಸಿದರೆ ಅವನು ಹೋಗಬಹುದು, ಅಡ್ವಾನ್ಸ್ ನಿಮ್ಮದು. ಅವನಿಗೆ ಬೇಕು ಅನ್ನಿಸಿದರೆ ನೀವು ಹಿಂದೆ ಸರಿಯುವಂತಿಲ್ಲ. ಕೊಳ್ಳುವ ಹಕ್ಕು ಕೊಡುವ ಇಂಥ ಆಪ್ಷನ್ನೇ ಕಾಲ್, ಒಪ್ಪಿದ ಬೆಲೆಯೇ ಸ್ಟ್ರೈಕ್, ಕೊನೆಯ ದಿನವೇ ಎಕ್ಸ್‌ಪೈರಿ, ಕೈಗೆ ಬಂದ ದುಡ್ಡೇ ಪ್ರೀಮಿಯಂ. ಕೊಡಬೇಕಾದ ಷೇರು ನಿಮ್ಮ ಹತ್ತಿರವೇ ಇರುವುದರಿಂದ ಇದು ಕವರ್ಡ್. ಷೇರಿಲ್ಲದೆ ಕಾಲ್ ಮಾರುವುದು ಬೇರೆಯೇ ಆಟ, ಅಲ್ಲಿ ನಷ್ಟಕ್ಕೆ ಮಿತಿಯೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಹತ್ತಿರ 400 ಷೇರು ಇದೆ, ಬೆಲೆ 1,500 ರೂಪಾಯಿ. ಒಟ್ಟು ಆರು ಲಕ್ಷ. ಒಂದು ಲಾಟ್, ಅಂದರೆ ಒಂದು ಕಾಲ್‌ಗೆ ಸೇರುವ ಷೇರುಗಳ ಸಂಖ್ಯೆ, 400 ಎಂದು ಇಟ್ಟುಕೊಳ್ಳಿ. ಎಕ್ಸ್‌ಪೈರಿಗೆ ಒಂದು ತಿಂಗಳಿರುವಾಗ 1,580ರ ಕಾಲ್ ಮಾರುತ್ತೀರಿ. ಪ್ರೀಮಿಯಂ 16 ರೂಪಾಯಿ. 400ಕ್ಕೆ 6,400 ರೂಪಾಯಿ ಖಾತೆಗೆ ಬರುತ್ತದೆ. ಆರು ಲಕ್ಷಕ್ಕೆ ತಿಂಗಳಿಗೆ ಶೇಕಡಾ ಒಂದಕ್ಕಿಂತ ತುಸು ಜಾಸ್ತಿ.

ಎಕ್ಸ್‌ಪೈರಿ ದಿನ ಷೇರು 1,540ರಲ್ಲಿ ಇದ್ದರೆ ಯಾರೂ 1,580 ಕೊಟ್ಟು ಕೊಳ್ಳುವುದಿಲ್ಲ. ಕಾಲ್ ಸತ್ತುಹೋಗುತ್ತದೆ, 6,400 ನಿಮಗೇ ಉಳಿಯುತ್ತದೆ, ಷೇರೂ ನಿಮ್ಮದೇ. ಎಲ್ಲರೂ ಹೇಳುವ ಕಥೆ ಇದು.

ಷೇರು 1,700ಕ್ಕೆ ಹೋದರೆ 1,580ಕ್ಕೆ ಕೊಡಲೇಬೇಕು. ಷೇರಿಗೆ 80ರಂತೆ 32,000, ಪ್ರೀಮಿಯಂ 6,400, ಒಟ್ಟು ಲಾಭ 38,400. ಕಾಲ್ ಮಾರದೇ ಸುಮ್ಮನೆ ಇದ್ದವನಿಗೆ 80,000 ಆಗಿರುತ್ತಿತ್ತು. ನೀವು 41,600 ಬಿಟ್ಟುಕೊಟ್ಟಿರಿ. ಇದು ಜೇಬಿನಿಂದ ಹೋದ ನಷ್ಟವಲ್ಲ, ಆದರೂ ಈ ಅಂಕಿಯನ್ನು ಕಾಲ್ ಮಾರುವ ಮೊದಲೇ ಬರೆದಿಟ್ಟುಕೊಳ್ಳಿ.

ಷೇರು 1,350ಕ್ಕೆ ಬಿದ್ದರೆ? 60,000 ಕರಗುತ್ತದೆ. ಪ್ರೀಮಿಯಂ ಕಳೆದರೆ 53,600 ಕೆಳಗೆ ಇದ್ದೀರಿ. ಕಾಲ್ ಮಾರಿದ್ದರಿಂದ ನಿಮಗೆ ಸಿಕ್ಕ ರಕ್ಷಣೆ ಷೇರಿಗೆ 16 ರೂಪಾಯಿ ಮಾತ್ರ. 1,484ರ ಕೆಳಗೆ ಪ್ರತಿ ರೂಪಾಯಿಯೂ ನಿಮ್ಮದೇ ನಷ್ಟ. ಮೇಲಿನ ಬಾಗಿಲು ಮುಚ್ಚಿದೆ, ಕೆಳಗಿನದು ಪೂರ್ತಿ ತೆರೆದೇ ಇದೆ. ಕವರ್ಡ್ ಕಾಲ್ ಸುರಕ್ಷಿತ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಈ ಲೆಕ್ಕ ತೋರಿಸಿ.

ಇನ್ಫೋಸಿಸ್ ಇತಿಹಾಸದಲ್ಲೇ ಇದಕ್ಕೆ ಸಾಕ್ಷಿ ಇದೆ. 2013ರ ಜನವರಿ 11ರಂದು ತ್ರೈಮಾಸಿಕ ಫಲಿತಾಂಶ ಬಂದಾಗ ಷೇರು ಒಂದೇ ದಿನ ಸುಮಾರು 17% ಏರಿತು. ಅದೇ ವರ್ಷ ಏಪ್ರಿಲ್ 12ರಂದು ಮುಂದಿನ ಫಲಿತಾಂಶಕ್ಕೆ ಸುಮಾರು 21% ಬಿತ್ತು. ಒಂದೆರಡು ಪರ್ಸೆಂಟ್ ಪ್ರೀಮಿಯಂ ಪಡೆದಿದ್ದವನಿಗೆ ಮೊದಲ ದಿನ ಏರಿಕೆಯ ಬಹುಪಾಲು ತಪ್ಪಿತು, ಎರಡನೆಯ ದಿನ ಇಳಿತದ ಬಹುಪಾಲು ತಲೆಗೆ ಬಂತು. ಈ ಕಂಪನಿಯ ಫಲಿತಾಂಶ ಸಾಮಾನ್ಯವಾಗಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಆ ತಿಂಗಳ ಕಾಲ್‌ಗಳಿಗೆ ಪ್ರೀಮಿಯಂ ಜಾಸ್ತಿ ಇರುವುದನ್ನು ನೀವು ಗಮನಿಸಬಹುದು. ಅದು ಉಡುಗೊರೆ ಅಲ್ಲ. ಇಂಥ ಜಿಗಿತದ ಸಾಧ್ಯತೆ ಮಾರುಕಟ್ಟೆಗೆ ಗೊತ್ತಿದೆ, ಅದಕ್ಕೇ ಅಷ್ಟು ಬೆಲೆ.

ಆದರೆ ಜಾಸ್ತಿ ಜನ ಹಣ ಕಳೆದುಕೊಳ್ಳುವುದು ಇಂಥ ಒಂದು ದಿನದಲ್ಲಿ ಅಲ್ಲ, ಅದರ ಮುಂದಿನ ತಿಂಗಳಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಷೇರು 1,350ಕ್ಕೆ ಬಿದ್ದಿದೆ. ಮೊದಲ 6,400 ಕೈಯಲ್ಲಿದೆ. ಈ ತಿಂಗಳೂ ಆದಾಯ ಬೇಕು. 1,580ರ ಕಾಲ್ ನೋಡಿದರೆ ಅದಕ್ಕೀಗ ಬಿಡಿಕಾಸು. 1,400ರ ಕಾಲ್‌ಗೆ ಮಾತ್ರ 24 ರೂಪಾಯಿ ಸಿಗುತ್ತಿದೆ, ಅಂದರೆ 9,600. ಕಣ್ಣು ಅಲ್ಲಿಗೇ ಹೋಗುತ್ತದೆ, ಅಲ್ವಾ? ಅದನ್ನೇ ಮಾರುತ್ತೀರಿ. ಆ ತಿಂಗಳು ಷೇರು ಚೇತರಿಸಿಕೊಂಡು ಮತ್ತೆ 1,500ಕ್ಕೆ ಬರುತ್ತದೆ. ನೀವು 1,400ಕ್ಕೆ ಕೊಡಬೇಕು. ಷೇರಿಗೆ 100ರಂತೆ 40,000 ಹೋಯಿತು. ಎರಡು ತಿಂಗಳ ಪ್ರೀಮಿಯಂ ಸೇರಿ ಬಂದದ್ದು 16,000. ಷೇರು ಹೊರಟ ಜಾಗಕ್ಕೇ ವಾಪಸ್ ಬಂದಿದೆ, ನೀವು ಮಾತ್ರ 24,000 ಕೆಳಗೆ ಇದ್ದೀರಿ. ಷೇರೂ ಕೈಯಲ್ಲಿಲ್ಲ. ಬಿದ್ದದ್ದಷ್ಟನ್ನೂ ತಿಂದು, ಎದ್ದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಪಡೆದಿರಿ.

ಹೀಗಾಗುವುದು ಪ್ರೀಮಿಯಂ ನೋಡಿ ಸ್ಟ್ರೈಕ್ ಆರಿಸಿದಾಗ. ನನ್ನ ಸ್ಪಷ್ಟ ಅಭಿಪ್ರಾಯ ಏನೆಂದರೆ, ಕ್ರಮ ತಿರುಗುಮುರುಗು ಆಗಬೇಕು. 'ಈ ಬೆಲೆ ಸಿಕ್ಕರೆ ಸಂತೋಷವಾಗಿ ಮಾರುತ್ತೇನೆ' ಅನ್ನುವ ಅಂಕಿಯನ್ನು ಮೊದಲು ನಿಶ್ಚಯಿಸಿ. ಆ ಸ್ಟ್ರೈಕ್‌ಗೆ ಸಿಗುವ ಪ್ರೀಮಿಯಂ ಸಾಕು ಅನ್ನಿಸಿದರೆ ಮಾರಿ. ಸಾಲದು ಅನ್ನಿಸಿದರೆ ಆ ತಿಂಗಳು ಏನೂ ಮಾಡಬೇಡಿ. ಪ್ರತಿ ತಿಂಗಳೂ ಕಾಲ್ ಮಾರಲೇಬೇಕು ಎಂಬ ನಿಯಮವೇನೂ ಇಲ್ಲ. ಮಗಳ ಮದುವೆಗೆ ಎಂದು ಇಟ್ಟ ಷೇರು, ಯಾವ ಬೆಲೆಗೂ ಕೊಡಲು ಮನಸ್ಸಿಲ್ಲದ ಷೇರು, ಇವುಗಳ ಮೇಲೆ ಕಾಲ್ ಮಾರಲೇಬಾರದು.

ಆಪ್ಷನ್ ಪಟ್ಟಿಯಲ್ಲಿ ಡೆಲ್ಟಾ ಎಂಬ ಒಂದು ಅಂಕಿ ಕಾಣುತ್ತದೆ. ನಮ್ಮ 1,580ರ ಕಾಲ್‌ಗೆ ಅದು 0.25ರ ಹತ್ತಿರ ಇರಬಹುದು. ಎಕ್ಸ್‌ಪೈರಿಯಲ್ಲಿ ಷೇರು ಕೈಬಿಟ್ಟು ಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದರಷ್ಟು ಎಂದು ಅದನ್ನು ಅಂದಾಜಿಗೆ ಓದಬಹುದು. ವರ್ಷವಿಡೀ ಇಂಥ ಕಾಲ್ ಮಾರುವವರು ಎರಡು ಮೂರು ಸಲವಾದರೂ ಷೇರು ಕೊಡಬೇಕಾಗಿ ಬಂದರೆ ಆಶ್ಚರ್ಯಪಡಬೇಕಿಲ್ಲ. ಅದಕ್ಕೇ ತಿಂಗಳ ಪ್ರೀಮಿಯಂ ಅನ್ನು ಹನ್ನೆರಡರಿಂದ ಗುಣಿಸಿ ವರ್ಷದ ಆದಾಯ ಎಂದು ಲೆಕ್ಕ ಹಾಕಬೇಡಿ.

ಇನ್ನು ನಮ್ಮ ಮಾರುಕಟ್ಟೆಯ ನಿಯಮಗಳು. ಎನ್‌ಎಸ್‌ಇಯಲ್ಲಿ ಆಪ್ಷನ್ ಲಾಟ್ ಲೆಕ್ಕದಲ್ಲೇ ನಡೆಯುತ್ತದೆ. 150 ಷೇರು ಇರುವವರಿಗೆ ಈ ದಾರಿ ಇಲ್ಲ. ಲಾಟ್ ಗಾತ್ರ ಆಗಾಗ ಬದಲಾಗುತ್ತದೆ, ಹಾಗಾಗಿ ಆರ್ಡರ್ ಹಾಕುವ ದಿನ ನೋಡಿಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಷೇರು ಆಪ್ಷನ್‌ಗಳ ಎಕ್ಸ್‌ಪೈರಿ ತಿಂಗಳ ಕೊನೆಯ ಮಂಗಳವಾರ. ಇಲ್ಲಿನ ಆಪ್ಷನ್‌ಗಳು ಯುರೋಪಿಯನ್ ಮಾದರಿಯವು. ಅಂದರೆ ಕೊಂಡವನು ಎಕ್ಸ್‌ಪೈರಿಗೆ ಮೊದಲು ಷೇರು ಕೇಳುವಂತಿಲ್ಲ. ನಡುವೆ ಮಾಮೂಲಿ ಡಿವಿಡೆಂಡ್ ಬಂದರೆ ಅದು ನಿಮಗೇ. ಅಮೆರಿಕದ ಷೇರು ಆಪ್ಷನ್‌ಗಳಲ್ಲಿ ಹಾಗಲ್ಲ. ಅಲ್ಲಿ ಡಿವಿಡೆಂಡ್‌ಗೆ ಮುಂಚೆಯೇ ಷೇರು ಕೇಳಿ ಪಡೆಯಬಹುದು. ಅಲ್ಲಿರುವ ನಮ್ಮವರು ಇದನ್ನು ನೆನಪಿಡಬೇಕು.

ಷೇರು ಖಾತೆಯಲ್ಲಿದೆ, ಇನ್ನೇನು ಬೇಕು ಅಂದುಕೊಳ್ಳುತ್ತೇವೆ. ಆದರೂ ಕಾಲ್ ಮಾರಲು ಮಾರ್ಜಿನ್, ಅಂದರೆ ಭದ್ರತೆಯಾಗಿ ಇಡಬೇಕಾದ ಹಣ, ಕೇಳುತ್ತಾರೆ. ಆರು ಲಕ್ಷದ ಲಾಟ್‌ಗೆ ಅದು ಒಂದು ಲಕ್ಷದ ಆಸುಪಾಸು ಆಗಬಹುದು. ಷೇರನ್ನೇ ಪ್ಲೆಡ್ಜ್ ಮಾಡಿ, ಅಂದರೆ ಅಡವಿಟ್ಟು, ಅದರ ಒಂದು ಭಾಗವನ್ನು ತುಂಬಬಹುದು. ಆದರೆ ಸಾಮಾನ್ಯವಾಗಿ ಅರ್ಧದಷ್ಟು ನಗದು ಅಥವಾ ನಗದಿಗೆ ಸಮ ಎಂದು ಒಪ್ಪಿದ ರೂಪದಲ್ಲೇ ಇರಬೇಕು. ಷೇರು ಏರಿದಂತೆ ಮಾರ್ಜಿನ್ನೂ ಏರುತ್ತದೆ. ಒಟ್ಟಾರೆ ಲಾಭದಲ್ಲೇ ಇರುವ ಮನುಷ್ಯ ಕೈಯಲ್ಲಿ ನಗದಿಲ್ಲದೆ ಕಾಲ್ ಅನ್ನು ದುಬಾರಿ ಬೆಲೆಗೆ ವಾಪಸ್ ಕೊಳ್ಳಬೇಕಾಗುವುದು ಹೀಗೆ. ಮೊದಲೇ ಸ್ವಲ್ಪ ನಗದು ಪಕ್ಕಕ್ಕಿಡಿ.

2019ರ ಅಕ್ಟೋಬರ್ ಎಕ್ಸ್‌ಪೈರಿಯಿಂದ ಎಲ್ಲ ಷೇರು ಆಪ್ಷನ್‌ಗಳಿಗೂ ಷೇರನ್ನೇ ಕೊಟ್ಟು ತೀರಿಸುವ ವ್ಯವಸ್ಥೆ ಇದೆ. ಕಾಲ್ ಸ್ಟ್ರೈಕ್ ದಾಟಿ ನಿಂತರೆ 400 ಷೇರು ನಿಮ್ಮ ಡಿಮ್ಯಾಟ್‌ನಿಂದ ಹೋಗಬೇಕು. ಅಡವಿಟ್ಟಿದ್ದರೆ ಅದನ್ನು ಬಿಡಿಸುವುದು ಯಾರ ಕೆಲಸ, ಯಾವ ದಿನದೊಳಗೆ, ಬ್ರೋಕರ್ ತಾನೇ ಮಾಡುತ್ತಾರಾ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಸಮಯಕ್ಕೆ ಷೇರು ಹೋಗದಿದ್ದರೆ ಹರಾಜಿನಲ್ಲಿ ಕೊಂಡು ಕೊಡುತ್ತಾರೆ, ಆ ಖರ್ಚು ನಿಮ್ಮ ಮೇಲೆ ಬೀಳುತ್ತದೆ.

ಷೇರು ಕೊಡಲು ಮನಸ್ಸಿಲ್ಲ ಎಂದರೆ ರೋಲ್ ಮಾಡಬಹುದು. ಎಕ್ಸ್‌ಪೈರಿಗೆ ಮೂರು ದಿನ ಇದೆ, ಷೇರು 1,620. ನೀವು 16ಕ್ಕೆ ಮಾರಿದ ಕಾಲ್ ಈಗ 44. ಅದನ್ನು ವಾಪಸ್ ಕೊಂಡು ಮುಂದಿನ ತಿಂಗಳ 1,660ರ ಕಾಲ್ ಅನ್ನು 30ಕ್ಕೆ ಮಾರುತ್ತೀರಿ. ಜೇಬಿನಿಂದ ಷೇರಿಗೆ 14, ಅಂದರೆ 5,600 ಹೋಗುತ್ತದೆ, ಲಾಭದ ಮಿತಿ 80 ರೂಪಾಯಿ ಮೇಲೇರುತ್ತದೆ. ತಪ್ಪಲ್ಲ. ಆದರೆ ಆದಾಯಕ್ಕೆಂದು ಶುರು ಮಾಡಿದ್ದಕ್ಕೆ ಈಗ ನೀವೇ ದುಡ್ಡು ಹಾಕುತ್ತಿದ್ದೀರಿ. ಮುಂದಿನ ತಿಂಗಳು ಷೇರು ಬಿದ್ದರೆ 1,580ಕ್ಕೆ ಮಾರುವ ಅವಕಾಶವೂ ಹೋಯಿತು. ಒಪ್ಪಿದ ಬೆಲೆ ಬಂದಾಗ ಕೊಟ್ಟುಬಿಡುವುದೇ ಹೆಚ್ಚಿನ ಸಲ ನೆಮ್ಮದಿ.

ಆರ್ಡರ್ ಹಾಕುವಾಗ ಲಿಮಿಟ್ ಆರ್ಡರ್, ಅಂದರೆ ಬೆಲೆಯನ್ನು ನೀವೇ ನಿಗದಿ ಮಾಡುವ ಆರ್ಡರ್, ಮಾತ್ರ ಹಾಕಿ. ಷೇರು ಆಪ್ಷನ್‌ಗಳಲ್ಲಿ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ದೊಡ್ಡ ಅಂತರ ಇರಬಹುದು. 16ರ ಪ್ರೀಮಿಯಂನಲ್ಲಿ ಎರಡು ರೂಪಾಯಿ ಹೋದರೆ ಎಂಟನೇ ಒಂದು ಭಾಗ ಹೋದಂತೆ. ಈ ತಿಂಗಳ ಕಾಲ್‌ಗಳಲ್ಲಿ ವ್ಯವಹಾರ ಚೆನ್ನಾಗಿ ನಡೆಯುತ್ತದೆ, ದೂರದ ತಿಂಗಳುಗಳದ್ದರಲ್ಲಿ ತೀರಾ ಕಡಿಮೆ.

ಕೊನೆಯದಾಗಿ ತೆರಿಗೆ. ಆಪ್ಷನ್‌ನಿಂದ ಬಂದ ಲಾಭ ನಷ್ಟವನ್ನು ಸಾಮಾನ್ಯವಾಗಿ ವ್ಯಾಪಾರದ ಆದಾಯ ಎಂದು ಲೆಕ್ಕ ಹಾಕುತ್ತಾರೆ. ಷೇರು ಕೊಟ್ಟಾಗ ಬಂದ ಲಾಭ ಬಂಡವಾಳ ಲಾಭದಲ್ಲಿ ಬೇರೆ ಬರುತ್ತದೆ. ಇಷ್ಟು ದಿನ ಸಂಬಳ, ಬಡ್ಡಿ ತೋರಿಸಿ ಸುಲಭದ ಫಾರಂ ತುಂಬುತ್ತಿದ್ದವರು ಒಂದೇ ಒಂದು ಕಾಲ್ ಮಾರಿದರೂ ಸಾಮಾನ್ಯವಾಗಿ ಐಟಿಆರ್-3 ತುಂಬಬೇಕಾಗುತ್ತದೆ. ರೋಲ್ ಮಾಡುವಾಗ ಆದ ನಷ್ಟವನ್ನು ಸಂಬಳದ ಎದುರು ಕಳೆಯಲು ಬರುವುದಿಲ್ಲ. ನಿಮ್ಮ ಆಡಿಟರ್ ಹತ್ತಿರ ಈ ಮಾತನ್ನು ಮೊದಲ ಕಾಲ್ ಮಾರುವ ಮುಂಚೆಯೇ ಆಡಿ, ಮಾರ್ಚ್ ಮುಗಿದ ಮೇಲೆ ಅಲ್ಲ.

ನನ್ನ ಮಾತು ಇಷ್ಟು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.